ಕುಕ್ಕರಿನಲ್ಲಿ ಕೇಕ್: ತಳ ಸೀಯದಂತೆ, ಮೇಲೆ ಹಸಿ ಉಳಿಯದಂತೆ

ಓವನ್‌ನಲ್ಲಿ ಶಾಖ ಸುತ್ತಲಿಂದ ಬರುತ್ತದೆ, ಕುಕ್ಕರಿನಲ್ಲಿ ಬರುವುದು ತಳದಿಂದ. ಕುಕ್ಕರ್ ಕೇಕಿನ ಬಹುತೇಕ ತೊಂದರೆಗಳ ಮೂಲ ಇದೇ. ತಳ ಬೇಗ ಕಪ್ಪಾಗುತ್ತದೆ, ಮೇಲ್ಭಾಗ ಬಿಳಚಿಕೊಂಡು ಒದ್ದೆಯಾಗಿರುತ್ತದೆ. ಹಾಗಾಗಿ ನನ್ನ ಗಮನವೆಲ್ಲ ಹಿಟ್ಟಿಗಿಂತ ಉರಿಯ ಮೇಲೇ.

ನಾನು ಬಳಸುವುದು ದಪ್ಪ ತಳದ 5 ಲೀಟರ್ ಕುಕ್ಕರ್. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್, ವಿಶಲ್ ಎರಡನ್ನೂ ತೆಗೆದಿಡಬೇಕು. ನೀರಿಲ್ಲದ ಶಾಖಕ್ಕೆ ರಬ್ಬರ್ ಗಡುಸಾಗಿ ಹಾಳಾಗುತ್ತದೆ. ವಿಶಲ್ ಇಲ್ಲದಿದ್ದರೆ ಆವಿ ಹೊರಹೋಗಲು ದಾರಿಯಿರುತ್ತದೆ, ಒಳಗೆ ಒತ್ತಡ ಕೂಡುವುದಿಲ್ಲ. ನೀರು ಒಂದು ಹನಿಯೂ ಬೇಡ. ಹಾಕಿದರೆ ಕೇಕ್ ಬೇಕ್ ಆಗದೆ ಹಬೆಯಲ್ಲಿ ಬೇಯುತ್ತದೆ. ಒಳಗೆ ನಾನ್‌ಸ್ಟಿಕ್ ಲೇಪನವಿರುವ ಪಾತ್ರೆಯನ್ನು ಹೀಗೆ ಖಾಲಿ ಕಾಯಿಸಬಾರದು.

ತಳಕ್ಕೆ ಒಂದೂವರೆ ಕಪ್ ಪುಡಿ ಉಪ್ಪು ಹರಡಿ, ಅದರ ಮೇಲೆ ಸುಮಾರು ಒಂದು ಇಂಚು ಎತ್ತರದ ಸ್ಟ್ಯಾಂಡ್ ಇಡುತ್ತೇನೆ. ಉಪ್ಪು ಬರ್ನರಿನ ಉರಿ ಒಂದೇ ಕಡೆ ತಾಗದಂತೆ ಶಾಖವನ್ನು ಹರಡುತ್ತದೆ. ಆದರೆ ತಳ ಸೀಯದಂತೆ ನಿಜವಾಗಿ ಕಾಯುವುದು ಸ್ಟ್ಯಾಂಡಿನ ಕೆಳಗಿನ ಗಾಳಿಯ ಜಾಗ. ಉಪ್ಪಿದೆಯಲ್ಲ ಎಂದು ಟಿನ್ನನ್ನು ನೇರವಾಗಿ ಅದರ ಮೇಲೆ ಕೂರಿಸಿದರೆ ಕೇಕಿನ ತಳ ಕಪ್ಪಾಗುವುದು ಖಚಿತ. ಟಿನ್ನಿನ ಸುತ್ತಲೂ ಒಂದು ಬೆರಳಿನಷ್ಟಾದರೂ ಜಾಗ ಇರಲಿ. ಕುಕ್ಕರಿನ ಗೋಡೆಗೆ ತಾಗಿದ ಕಡೆ ಕೇಕ್ ಸೀದಿರುತ್ತದೆ.

ಮುಚ್ಚಳ ಮುಚ್ಚಿ, ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಬೇಕು. ಹಿಟ್ಟು ಕಲಸುವ ಮೊದಲೇ ಕುಕ್ಕರ್ ಒಲೆಯ ಮೇಲಿರಲಿ. ಸೋಡಾ ಮೊಸರಿಗೆ ಸೇರಿದ ಕ್ಷಣದಿಂದಲೇ ಗುಳ್ಳೆ ಏಳಲು ಶುರುವಾಗುತ್ತದೆ. ಆಮೇಲೆ ಕುಕ್ಕರ್ ಕಾಯಲಿ ಎಂದು ಕೂತರೆ ಆ ಗುಳ್ಳೆಗಳು ಒಡೆದುಹೋಗಿ ಕೇಕ್ ಚಪ್ಪಟೆಯಾಗುತ್ತದೆ.

7 ಇಂಚಿನ ಟಿನ್ನಿಗೆ ನನ್ನ ಅಳತೆ ಇದು: ಒಂದೂವರೆ ಕಪ್ ಮೈದಾ, ಒಂದು ಕಪ್ ಹುಳಿಯಿಲ್ಲದ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಒಂದು ಚಮಚ ವೆನಿಲಾ. ಇಲ್ಲಿ ಚಮಚ ಎಂದರೆ ಟೀ ಚಮಚ. ಮೈದಾಕ್ಕೆ ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿದಿಡಿ. ಮೊಸರಲ್ಲಿ ಸಕ್ಕರೆ ಕರಗಿಸಿ, ಸೋಡಾ ಹಾಕಿ, ಐದು ನಿಮಿಷದಲ್ಲಿ ನೊರೆಯೆದ್ದ ಮೇಲೆ ಎಣ್ಣೆ, ವೆನಿಲಾ, ಕೊನೆಗೆ ಮೈದಾ. ಒಣ ಹಿಟ್ಟು ಕಾಣದಷ್ಟು ಕಲಸಿದರೆ ಸಾಕು, ಹೆಚ್ಚು ತಿರುವಿದರೆ ಕೇಕ್ ರಬ್ಬರಿನಂತಾಗುತ್ತದೆ. ಟಿನ್ನಿಗೆ ಎಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಹಾಕಿ. ಹಿಟ್ಟು ಅರ್ಧದಿಂದ ಮೂರನೇ ಎರಡು ಭಾಗದವರೆಗೆ ಬಂದರೆ ಸರಿ.

ಟಿನ್ ಒಳಗಿಟ್ಟ ಮೇಲೆ 5 ನಿಮಿಷ ಮಧ್ಯಮ ಉರಿ. ಆಮೇಲೆ ಚಿಕ್ಕ ಬರ್ನರಿನಲ್ಲಿ ಸಣ್ಣ ಉರಿ, 40ರಿಂದ 45 ನಿಮಿಷ. ಮೊದಲ 30 ನಿಮಿಷ ಮುಚ್ಚಳ ತೆಗೆಯಬಾರದು. ಒಳಗಿನ ಬಿಸಿ ಒಮ್ಮೆಲೇ ಇಳಿದರೆ ಇನ್ನೂ ಗಟ್ಟಿಯಾಗದ ನಡುಭಾಗ ಕುಸಿಯುತ್ತದೆ, ಮತ್ತೆ ಏಳುವುದಿಲ್ಲ. ಅಲ್ಲಿಯವರೆಗೆ ಮೂಗೇ ಗಡಿಯಾರ. ಕಾಲು ಗಂಟೆಯಲ್ಲೇ ಸೀದ ವಾಸನೆ ಬಂದರೆ ಉರಿ ಜಾಸ್ತಿ. ಅರ್ಧ ಗಂಟೆಯಾದರೂ ಕೇಕಿನ ಪರಿಮಳ ಬರದಿದ್ದರೆ ಉರಿ ಸಾಲದು, ಒಂದಿಷ್ಟು ಏರಿಸಿ.

ಬೆಂದಿದೆಯೇ ಎಂದು ನೋಡಲು ನಟ್ಟನಡುವೆ ಚಾಕು ಚುಚ್ಚಿ. ಅಂಚಿನಲ್ಲಿ ಚುಚ್ಚಿದರೆ ಅದು ಯಾವಾಗಲೂ ಒಣಗಿಯೇ ಬರುತ್ತದೆ, ನಂಬಬೇಡಿ. ಒದ್ದೆ ಹಿಟ್ಟು ಅಂಟಿದರೆ ಇನ್ನು 7 ನಿಮಿಷ. ಮೇಲೆ ಗೋಪುರದಂತೆ ಉಬ್ಬಿ ಬಿರುಕುಬಿಟ್ಟು ಒಳಗೆ ಹಸಿ ಉಳಿದಿದ್ದರೆ, ಉರಿ ಜೋರಾಗಿ ಅಂಚುಗಳು ಮೊದಲೇ ಗಟ್ಟಿಯಾಗಿವೆ ಎಂದರ್ಥ. ನಡುವಿನ ಹಿಟ್ಟಿಗೆ ಮೇಲಕ್ಕೆ ಏಳುವುದಲ್ಲದೆ ಬೇರೆ ದಾರಿ ಇರಲಿಲ್ಲ. ಮುಂದಿನ ಸಲ ಉರಿ ತಗ್ಗಿಸಿ, ಹೊತ್ತು ಹೆಚ್ಚಿಸಿ.

ಕುಕ್ಕರಿನ ಬದಲು ದಪ್ಪ ಪಾತ್ರೆಯಾದರೆ ಮುಚ್ಚಳದಲ್ಲಿ ರಂಧ್ರವಿರುವುದಿಲ್ಲ. ಆವಿ ಹನಿಯಾಗಿ ಕೇಕಿನ ಮೇಲೆ ಬಿದ್ದು ಅಂಟಂಟಾಗುತ್ತದೆ. ಮುಚ್ಚಳದ ಒಳಗಡೆಗೆ ಬರುವಂತೆ ಹತ್ತಿ ಬಟ್ಟೆ ಸುತ್ತಿ, ತುದಿಗಳನ್ನು ಮೇಲಿನ ಹಿಡಿಯ ಹತ್ತಿರ ಬಿಗಿಯಾಗಿ ಗಂಟು ಹಾಕಿ. ಜೋತಾಡುವ ತುದಿಗೆ ಬೆಂಕಿ ತಗುಲಬಹುದು. ಎಷ್ಟೇ ಮಾಡಿದರೂ ಮೇಲ್ಭಾಗ ಓವನ್ ಕೇಕಿನಂತೆ ಕೆಂಪಾಗುವುದಿಲ್ಲ. ಬೋರಲು ಹಾಕಿ ಕೆಂಪಾದ ತಳವನ್ನೇ ಮೇಲೆ ಮಾಡಿ ಬಡಿಸುತ್ತೇನೆ.

ಟಿನ್ ಹೊರತೆಗೆದು 10 ನಿಮಿಷ ಬಿಟ್ಟು ಬೋರಲು ಹಾಕಿ. ಬಿಸಿಯಲ್ಲೇ ತೆಗೆದರೆ ಮುರಿಯುತ್ತದೆ, ಪೂರ್ತಿ ತಣಿಯಲು ಬಿಟ್ಟರೆ ತಳ ಬೆವರುತ್ತದೆ. ಉಪ್ಪನ್ನು ತಣಿದ ಮೇಲೆ ಡಬ್ಬಿಗೆ ತುಂಬಿಟ್ಟರೆ ಮುಂದಿನ ಕೇಕಿಗೆ ಬರುತ್ತದೆ. ಅಲ್ಯೂಮಿನಿಯಂ ಕುಕ್ಕರಿನಲ್ಲೇ ರಾತ್ರಿಯಿಡೀ ಬಿಟ್ಟರೆ ತೇವ ಎಳೆದುಕೊಂಡು ತಳದಲ್ಲಿ ಸಣ್ಣ ಸಣ್ಣ ಕುಳಿ ಬೀಳಿಸುತ್ತದೆ.