20 ಎಂಎಂ, 12 ಎಂಎಂ ಜಲ್ಲಿ: ಎಷ್ಟೆಷ್ಟು ತರಿಸಿದೆ

ಕೆಂಗೇರಿ ಮನೆಯ ಮೊದಲ ಮೋಲ್ಡಿಗೆ ಬರೀ 20 ಎಂಎಂ ಜಲ್ಲಿ ಹಾಕಿಸಿದ್ದೆ. ಸೆಂಟ್ರಿಂಗ್ ಬಿಚ್ಚಿದರೆ, ಬೀಮಿನಲ್ಲಿ ಕಂಬಿ ಒತ್ತಾಗಿದ್ದ ಕಡೆಯೆಲ್ಲ ಜೇನುಗೂಡಿನಂಥ ತೂತು! ದೊಡ್ಡ ಕಲ್ಲುಗಳ ಸಂದು ತುಂಬಲು ಸಣ್ಣ ಕಲ್ಲೇ ಇರಲಿಲ್ಲ.

ಎರಡನೇ ಮೋಲ್ಡು 15 ಘನ ಮೀಟರ್. ಇಂಜಿನಿಯರ್ ಕೊಟ್ಟ ಮಿಕ್ಸ್‌ನಲ್ಲಿ ಘನ ಮೀಟರಿಗೆ 1150 ಕೆಜಿ ಜಲ್ಲಿ, ಅಂದರೆ ಒಟ್ಟು 17.25 ಟನ್. ತೂಕದಲ್ಲಿ 60:40 ಹಂಚಿದರೆ 20 ಎಂಎಂ 10.35 ಟನ್, 12 ಎಂಎಂ 6.9 ಟನ್. ಪೋಲಾಗುವುದಕ್ಕೆ ನೂರಕ್ಕೆ ಐದು ಸೇರಿಸಿ ಸುಮಾರು 11 ಮತ್ತು 7.25 ಟನ್ ಹೇಳಿದೆ.

ಲಾರಿಯವನು ‘ಎರಡೂ ಒಂದೊಂದು ಲೋಡ್ ಹಾಕ್ತೀನಿ ಸಾರ್’ ಅಂದ. ಲೋಡ್ ಲೆಕ್ಕ ಬೇಡ, ವೇಬ್ರಿಡ್ಜ್ ಚೀಟಿ ತಗೊಂಡು ಬಾ ಅಂದೆ. ಎರಡು ರಾಶಿ ಬೇರೆ ಬೇರೆ ಹಾಕಿಸಿ, ಮೂರು ಬಾಂಡ್ಲಿ ದೊಡ್ಡದಕ್ಕೆ ಎರಡು ಸಣ್ಣದು ಹಾಕಿಸಿದೆ. ಈ ಸಲ ಬೀಮು ನುಣ್ಣಗೆ ಬಂತು.