ಲರ್ನಿಂಗ್ ರೇಟ್ ಊಹಿಸಬೇಡಿ, 300 ಹೆಜ್ಜೆ ಓಡಿಸಿ ನೋಡಿ

CIFAR-10 ಮೇಲೆ ResNet-18 ಅನ್ನು SGDಯಿಂದ ತರಬೇತಿ ಮಾಡಬೇಕು ಅಂದುಕೊಳ್ಳಿ. ಬ್ಯಾಚ್ 128 ಇದ್ದರೆ ಒಂದು ಎಪಾಕ್‌ಗೆ 391 ಹೆಜ್ಜೆ. ಲರ್ನಿಂಗ್ ರೇಟನ್ನು ಹೆಜ್ಜೆ ಹೆಜ್ಜೆಗೂ ಏರಿಸುತ್ತಾ ಲಾಸ್ ಹೇಗೆ ಬದಲಾಗುತ್ತದೆ ಎಂದು ನೋಡುವ ರೇಂಜ್ ಟೆಸ್ಟ್‌ಗೆ ಅಷ್ಟೂ ಬೇಡ, 300 ಸಾಕು.

ಮೊದಲು ಮಾಡೆಲ್ ಮತ್ತು ಆಪ್ಟಿಮೈಜರ್ ಎರಡರ ಸ್ಥಿತಿಯನ್ನೂ ಸೇವ್ ಮಾಡಿ. ಶೆಡ್ಯೂಲರ್, ವಾರ್ಮಪ್ ತೆಗೆದುಬಿಡಿ. 1e-5ರಿಂದ ಶುರು ಮಾಡಿ, ಪ್ರತಿ ಬ್ಯಾಚ್ ಆದಮೇಲೆ ದರವನ್ನು ಗುಣಿಸುತ್ತಾ ಹೋದರೆ ಕೊನೆಗೆ 1 ಮುಟ್ಟುತ್ತದೆ:

```
lr = 1e-5 * (1 / 1e-5) ** (i / 300)
```

ಲಾಸ್ ಕನಿಷ್ಠ ಮಟ್ಟದ ನಾಲ್ಕು ಪಟ್ಟು ದಾಟಿದರೆ ಅಲ್ಲೇ ನಿಲ್ಲಿಸಿ. ಗ್ರಾಫ್‌ನಲ್ಲಿ ದರದ ಅಕ್ಷ ಲಾಗ್ ಸ್ಕೇಲ್‌ನಲ್ಲಿರಲಿ.

ಹೆಚ್ಚಿನವರು ಎಡವುವುದು ಇಲ್ಲಿ: ಲಾಸ್ ಅತಿ ಕಡಿಮೆ ಇರುವ ಜಾಗದ ದರವನ್ನೇ ಎತ್ತಿಕೊಳ್ಳುತ್ತಾರೆ. ಅದು ಆಗಲೇ ಪ್ರಪಾತದ ಅಂಚು. ಕನಿಷ್ಠ 0.3ರಲ್ಲಿ ಸಿಕ್ಕರೆ ಅದರ ಹತ್ತನೇ ಒಂದು, ಅಂದರೆ 0.03 ಹಿಡಿಯಿರಿ. ಗೆರೆ ಕಡಿದಾಗಿ ಇಳಿಯುವ ಜಾಗವೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ಇರುತ್ತದೆ.

ಇನ್ನೊಂದು ಮೋಸ ಸ್ಮೂದಿಂಗ್‌ನದು. ಚಲಿಸುವ ಸರಾಸರಿಗೆ 0.98 ಕೊಟ್ಟರೆ ಗೆರೆ ಸುಮಾರು 50 ಹೆಜ್ಜೆ ಹಿಂದೆ ಬೀಳುತ್ತದೆ. ಅಷ್ಟರಲ್ಲಿ ದರ ಆರೇಳು ಪಟ್ಟು ಏರಿರುತ್ತದೆ, ಹಾಗಾಗಿ ನೀವು ಓದುವ ಸಂಖ್ಯೆ ನಿಜಕ್ಕಿಂತ ದೊಡ್ಡದು. 0.9 ಇಟ್ಟರೆ ಈ ತಪ್ಪು ಒಂದೂವರೆ ಪಟ್ಟಿನೊಳಗೇ ಉಳಿಯುತ್ತದೆ. ಗೆರೆ ಸ್ವಲ್ಪ ಗರಗಸದಂತೆ ಕಂಡರೂ ಪರವಾಗಿಲ್ಲ.

ಟೆಸ್ಟ್ ಮುಗಿದ ಮೇಲೆ ಸೇವ್ ಮಾಡಿದ ಸ್ಥಿತಿಗೆ ಮರಳಿ. ಕೆಟ್ಟುಹೋದ ವೇಟ್‌ಗಳ ಮೇಲೆಯೇ ಪೂರ್ತಿ ತರಬೇತಿ ಶುರುವಾದರೆ ಎರರ್ ಏನೂ ಬರುವುದಿಲ್ಲ, ಆರಂಭದ ಲಾಸ್ ಮಾತ್ರ 2.3ರ ಬದಲು ಎಲ್ಲೋ ಇರುತ್ತದೆ. ಬ್ಯಾಚ್ ಗಾತ್ರವನ್ನೋ ವೇಟ್ ಡಿಕೇಯನ್ನೋ ಬದಲಿಸಿದರೆ ಟೆಸ್ಟ್ ಮತ್ತೆ ಮಾಡಿ.