ಕೋಲಾರದ ಬೋರ್‌ವೆಲ್ ನೀರು: ನೀಲಿ ಕೊನೆಗೂ ನಿಂತಿತು

ಕೋಲಾರ ಕಡೆಯ ಒಂದು ಬೋರ್‌ವೆಲ್ ನೀರಿನ ಗಡಸುತನ ಅಳೆಯುವ ಕೆಲಸ ನನ್ನನ್ನು ಎರಡು ವಾರ ಸತಾಯಿಸಿತು. 50 ಮಿ.ಲೀ. ಸ್ಯಾಂಪಲ್, ಪಿಎಚ್ ಹಿಡಿದಿಡುವ ಬಫರ್, ಬಣ್ಣ ತಿರುಗಿಸುವ ಸೂಚಕ ಇಬಿಟಿ, ಬ್ಯೂರೆಟ್‌ನಿಂದ ಬಿಡುವ 0.01 ಮೋಲಾರ್ ಇಡಿಟಿಎ, ಎಲ್ಲ ಮಾಮೂಲಿ. ನೀಲಿ ಬಂತು, ಟೈಟ್ರೇಷನ್ ಮುಗಿಯಿತು ಅಂತ ಬ್ಯೂರೆಟ್ ಓದಿ ಬರೆದುಕೊಳ್ಳುವಷ್ಟರಲ್ಲಿ ಫ್ಲಾಸ್ಕ್ ಮತ್ತೆ ನೇರಳೆಗೆ ತಿರುಗಿರುತ್ತಿತ್ತು. ಒಮ್ಮೆ 29 ಮಿ.ಲೀ., ಒಮ್ಮೆ 31. ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಲೆಕ್ಕ ಹಾಕಿದರೆ ಲೀಟರಿಗೆ 570ರಿಂದ 610 ಮಿ.ಗ್ರಾಂ. ಕುಡಿಯುವ ನೀರಿಗೆ ಬೇರೆ ಮೂಲ ಇಲ್ಲದಾಗ ಒಪ್ಪುವ ಮಿತಿ 600. ಪಾಸೋ ಫೇಲೋ ಅಂತ ರಿಪೋರ್ಟ್ ಬರೆಯುವುದು ಹೇಗೆ?

ಇಬಿಟಿ ಹಳೆಯದು ಅಂದರು ಜೊತೆಯವರು, ಹೊಸ ಬಾಟಲಿ ತಂದೆ. ಇಡಿಟಿಎ ಸರಿ ಇಲ್ಲ ಅಂದರು, ಅದನ್ನೂ ತಂದೆ. ಹತ್ತಿರಹತ್ತಿರ ಎರಡು ಸಾವಿರ ಸುಮ್ನೆ ಹೋಯಿತು.

ಒಂದು ದಿನ ಬಫರ್ ಹಾಕಿದ ಫ್ಲಾಸ್ಕನ್ನು ಕಪ್ಪು ಬಟ್ಟೆಯ ಮುಂದೆ ಹಿಡಿದು ನೋಡಿದೆ. ಐದಾರು ನಿಮಿಷದಲ್ಲಿ ತೆಳ್ಳಗೆ ಬಿಳಿ ಮಬ್ಬು ಕಾಣಿಸಿತು. ನೀರಲ್ಲಿ ಬೈಕಾರ್ಬನೇಟ್ ಜಾಸ್ತಿ. ಪಿಎಚ್ 10ಕ್ಕೆ ಏರಿದ ಕೂಡಲೇ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಕೂರುತ್ತಿತ್ತು, ಆಮೇಲೆ ನಿಧಾನಕ್ಕೆ ಕರಗಿ ನೀಲಿಯನ್ನು ಕೆಡಿಸುತ್ತಿತ್ತು.

ಹಾಗಾಗಿ 25 ಮಿ.ಲೀ. ಸ್ಯಾಂಪಲ್ ತೆಗೆದು ಡಿಸ್ಟಿಲ್ಡ್ ವಾಟರ್‌ನಿಂದ 50ಕ್ಕೆ ತಂದೆ. ಹೈಡ್ರೋಕ್ಲೋರಿಕ್ ಆಸಿಡ್ ಹನಿಹನಿಯಾಗಿ ಹಾಕಿ, ಕೆಲವು ನಿಮಿಷ ಕುದಿಸಿ ಬೈಕಾರ್ಬನೇಟನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಓಡಿಸಿ, ತಣ್ಣಗೆ ಮಾಡಿದೆ. ‘ಟೈಟ್ರೇಷನ್‌ಗೆ ಯಾರಾದ್ರೂ ನೀರು ಕುದಿಸ್ತಾರಾ?’ ಅಂತ ಜೊತೆಯವರು ಕೇಳಿದರು. ಮೊದಲ ಸಲ ಅವರ ಮಾತೇ ನಿಜವಾಯಿತು, ನೀಲಿ ಬರಲೇ ಇಲ್ಲ. ಆಸಿಡ್ ಜಾಸ್ತಿಯಾಗಿ ಬಫರ್ ಸೋತಿತ್ತು, ಪಿಎಚ್ 10ಕ್ಕೆ ಏರಿರಲೇ ಇಲ್ಲ. ಈಗ ಬಫರ್‌ಗೆ ಮೊದಲು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 7ಕ್ಕೆ ತರುತ್ತೇನೆ. ಬಫರ್ ಹಾಕಿದ ಮೇಲೆ ಐದು ನಿಮಿಷದೊಳಗೆ ಮುಗಿಸುತ್ತೇನೆ. ಮುಕ್ಕಾಲು ಪಾಲು ಇಡಿಟಿಎಯನ್ನು ಬಫರ್‌ಗೂ ಮೊದಲೇ ಬಿಟ್ಟರೆ ಇನ್ನೂ ಒಳ್ಳೆಯದು.

ಈ ಸಲ 17.2 ಮಿ.ಲೀ. ಇಡಿಟಿಎ ಹಿಡಿಯಿತು. ಮೂರು ಸಲ ಮಾಡಿದರೂ ವ್ಯತ್ಯಾಸ 0.1 ಅಷ್ಟೇ. ನನ್ನ 10 ಮಿ.ಲೀ. ಕ್ಯಾಲ್ಸಿಯಂ ಸ್ಟ್ಯಾಂಡರ್ಡ್‌ಗೆ, ಅಂದರೆ 10 ಮಿ.ಗ್ರಾಂ. ಕಾರ್ಬನೇಟ್‌ಗೆ, 10.2 ಮಿ.ಲೀ. ಇಡಿಟಿಎ ಹಿಡಿದಿತ್ತು. ಹಾಗಾಗಿ ಫ್ಯಾಕ್ಟರ್ 0.98. 17.2 × 0.98 × 1000 ÷ 25, ಅಂದರೆ ಸುಮಾರು 674. ಫೇಲ್, ಅನುಮಾನವೇ ಇಲ್ಲ. ಫ್ಲಾಸ್ಕನ್ನು ಅರ್ಧ ಗಂಟೆ ಮೇಜಿನ ಮೇಲೆ ಬಿಟ್ಟೆ, ನೀಲಿ ನೀಲಿಯಾಗಿಯೇ ಇತ್ತು. ಜೊತೆಯವರನ್ನು ಕರೆದು ತೋರಿಸಿದೆ.

ಕುತೂಹಲಕ್ಕೆ ಅದೇ ನೀರನ್ನು ಆಸಿಡ್ ಇಲ್ಲದೆ ಅರ್ಧ ಗಂಟೆ ಕುದಿಸಿ, ಸೋಸಿ, ಅಳತೆ ಸರಿಮಾಡಿ ನೋಡಿದೆ. 300ರ ಆಸುಪಾಸು ಬಂತು. ಅರ್ಧಕ್ಕಿಂತ ಜಾಸ್ತಿ ಗಡಸುತನ ಪಾತ್ರೆಯ ತಳಕ್ಕೆ ಅಂಟಿತ್ತು.

ಇಬಿಟಿಯನ್ನು ಈಗ ದ್ರಾವಣ ಮಾಡುವುದಿಲ್ಲ, ಉಪ್ಪಿನ ಜೊತೆ ಅರೆದ ಪುಡಿ ಬಳಸುತ್ತೇನೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಬಣ್ಣ ಇನ್ನೂ ಚುರುಕಾಗಿ ತಿರುಗಲು ಅದಕ್ಕೆ ಚಿಟಿಕೆ ಇನ್ನೊಂದು ಬಣ್ಣ ಸೇರಿಸುತ್ತೇನೆ. ಅದು ಯಾವುದು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.